ಗಿರಿಯಪ್ಪ ಮೇಸ್ತ್ರಿಯ ನೆಲ

ನಿರ್ಮಲಾಳ ಫೋನ್ ಬಂದಾಗ ಮಹಮ್ಮದ್ ಹನೀಫ್ ರಾಣೆಬೆನ್ನೂರಿನ ಒಂದು ಹೊಸ ಮನೆಯಲ್ಲಿ ಅಡುಗೆಕಟ್ಟೆಗೆ ಕಲ್ಲು ಕೂಡಿಸುತ್ತಿದ್ದ. ಕೈ ತೊಳೆದುಕೊಂಡು ಫೋನ್ ಎತ್ತುವ ಹೊತ್ತಿಗೆ ಅದು ಎರಡನೇ ಸಲ ಬಡಿದುಕೊಳ್ಳುತ್ತಿತ್ತು.

"ಹನೀಫಣ್ಣ, ಅಪ್ಪ ಬಿದ್ದಾನ. ಹಣಿಗೆ ಏಳು ಹೊಲಿಗಿ ಬಿದ್ದಾವ. ಎಲುಬಿಗೆ ಏನೂ ಆಗಿಲ್ಲ. ಆದ್ರ ಮನಿ ಒಂದಷ್ಟು ಸುಧಾರ್ಸಬೇಕಾಗೇತಿ. ನೀ ಬರ್ತೀ?"

ನಿರ್ಮಲಾ ಹಾವೇರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಅಪ್ಪ ಗಿರಿಯಪ್ಪ ಮೇಸ್ತ್ರಿ ಬ್ಯಾಡಗಿಯಲ್ಲಿದ್ದರು. ಹದಿನೈದು ವರ್ಷದ ಹುಡುಗನಾಗಿದ್ದಾಗ ಹನೀಫ ಅವರ ಕೈಕೆಳಗೆ ಸೇರಿದ್ದ. ಗಾರೆ ಹಚ್ಚುವ ಕರಣಿ ಹಿಡಿಯುವುದು, ದಾರ ಕಟ್ಟುವುದು, ಗೋಡೆ ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುವುದು, ಎಲ್ಲವನ್ನೂ ಅವರೇ ಕಲಿಸಿದ್ದು. ಇಪ್ಪತ್ತೈದು ವರ್ಷ ಜೊತೆಗಿದ್ದು, ಆಮೇಲೆ ಸ್ವಂತ ಕೆಲಸ ಹಿಡಿದು ರಾಣೆಬೆನ್ನೂರಿಗೆ ಬಂದುಬಿಟ್ಟಿದ್ದ. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ, ಆಮೇಲೆ ಹಬ್ಬಕ್ಕೊಮ್ಮೆ. ಕಡೆಯ ಸಲ ಹೋದದ್ದು ಆರು ವರ್ಷದ ಹಿಂದೆ, ಮೇಸ್ತ್ರಿಯ ಹೆಂಡತಿ ಜಯವ್ವ ತೀರಿಕೊಂಡಾಗ. ದಾರಿ ಮುಕ್ಕಾಲು ತಾಸಿನದ್ದು. ದೂರ ಅನ್ನುವ ನೆಪವೂ ಅವನಿಗಿರಲಿಲ್ಲ.

"ನಾಳೆ ಮುಂಜಾನೆ ಬರ್ತೇನಿ, ತಂಗಿ," ಅಂದ.

ಮರುದಿನ ಹೋದಾಗ ಬಾಗಿಲು ತೆರೆದೇ ಇತ್ತು. ಗಿರಿಯಪ್ಪ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು. ಹಣೆಗೆ ಪಟ್ಟಿ. ಮೈ ಇಳಿದಿತ್ತು, ಆದರೆ ಮಂಡಿಯ ಮೇಲಿಟ್ಟ ಕೈಗಳು ಹಾಗೆಯೇ ಇದ್ದವು, ಅಗಲವಾದ, ಗಂಟುಗಂಟಾದ ಬೆರಳಿನ ಕೈಗಳು. ಹನೀಫ ಬಗ್ಗಿ ಕಾಲು ಮುಟ್ಟಿದ.

"ಬರ್ರಿ, ಕುಂದ್ರಿ," ಅಂದರು ಗಿರಿಯಪ್ಪ. "ಯಾವೂರ್ರಿ ನಿಮ್ದು?"

ಹನೀಫ ನೆಟ್ಟಗಾಗಿ ಅವರ ಮುಖ ನೋಡಿದ. ಈ ಮನುಷ್ಯ ಅವನನ್ನು ಒಂದು ದಿನವೂ ಬಹುವಚನದಲ್ಲಿ ಕರೆದವನಲ್ಲ. "ಲೇ ಹನೀಫಾ" ಅಂದರೆ ಒಂದು ಓಣಿಯಾಚೆಗೂ ಕೇಳುತ್ತಿತ್ತು. "ರಾಣೆಬೆನ್ನೂರ್ರಿ," ಅಂದ ಮೆಲ್ಲಗೆ.

ನಿರ್ಮಲಾ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷ. ಹಾವೇರಿಗೆ ಕರೆದುಕೊಂಡು ಹೋಗಿ ತನ್ನ ಮನೆಯಲ್ಲಿ ನಾಲ್ಕು ತಿಂಗಳು ಇಟ್ಟುಕೊಂಡಿದ್ದಳು. ಅಲ್ಲಿ ಒಂದು ಬಾಗಿಲೂ ಅವರಿಗೆ ಗುರುತಾಗಲಿಲ್ಲ. ದಿನಾ ಸಂಜೆ ಚೀಲ ಕಟ್ಟಿಕೊಂಡು "ನಮ್ಮನಿಗೆ ಹೋಗ್ತೇನಿ" ಎಂದು ಮೆಟ್ಟಿಲಿಳಿಯುತ್ತಿದ್ದರು. ಎರಡು ಸಲ ತಪ್ಪಿಸಿಕೊಂಡೂ ಇದ್ದರು. ಇಲ್ಲಿಗೆ ವಾಪಸು ತಂದ ದಿನವೇ ಚೀಲ ಬಿಚ್ಚಿ, ಅಂಗಿ ಗೂಟಕ್ಕೆ ಹಾಕಿ, ತಾವೇ ಚಹಾಕ್ಕಿಟ್ಟಿದ್ದರು. ಪಕ್ಕದ ಮನೆಯ ಮೈಲವ್ವ ಎರಡು ಹೊತ್ತು ರೊಟ್ಟಿ ತಂದುಕೊಟ್ಟು ನೋಡಿ ಹೋಗುತ್ತಾಳೆ. ನಿರ್ಮಲಾ ವಾರಕ್ಕೆ ಮೂರು ಸಲ ಬರುತ್ತಾಳೆ.

"ಒಬ್ಬರ ಇರಬಹುದು ಅಂತ ಡಾಕ್ಟರ್ ಹೇಳ್ಯಾರ, ಇನ್ನೂ ಸ್ವಲ್ಪ ದಿನ. ಆದ್ರ ಮನಿ ಹಿಂಗ ಇದ್ರ ಆಗೂದಿಲ್ಲ ಅಂದ್ರು. ರಾಣೆಬೆನ್ನೂರಿಂದ ತಬಸ್ಸುಮ್ ಮೇಡಂ ಬರ್ತಾರ ಇವತ್ತ. ಅವ್ರು ಹೇಳಿದಂಗ ಮಾಡೋಣು."

ತಬಸ್ಸುಮ್ ಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರಿಗೆ, ವಯಸ್ಸಾದವರಿಗೆ ಉಣ್ಣುವುದು, ಉಡುವುದು, ನಡೆಯುವುದು ಮತ್ತೆ ಸಲೀಸಾಗುವಂತೆ ಮಾಡಿಕೊಡುವ ಕೆಲಸ ಅವಳದು. ಮೂವತ್ತರ ಆಸುಪಾಸಿನ ಹುಡುಗಿ. ಬಂದವಳು ಮನೆಯನ್ನು ಅಳೆಯುತ್ತಾಳೆ ಅಂದುಕೊಂಡಿದ್ದ ಹನೀಫ. ಅವಳು ಅಳೆಯಲಿಲ್ಲ. "ಅಜ್ಜಾರ, ನಿಮ್ಮ ಮನಿ ನನಗ ತೋರ್ಸ್ರಿ," ಎಂದು ಗಿರಿಯಪ್ಪನವರ ಒಂದು ಹೆಜ್ಜೆ ಹಿಂದೆ ನಡೆದಳು.

ಪಡಸಾಲೆಯ ನೆಲ ಹನೀಫ ಹಾಕಿದ್ದು. ಮೂವತ್ತೊಂದು ವರ್ಷದ ಹಿಂದೆ, ಜಯವ್ವ ಆಸೆಪಟ್ಟಳೆಂದು. ಬಿಳಿ ಅಮೃತಶಿಲೆ, ಕರಿ ಕಡಪಾ ಕಲ್ಲು, ಒಂದು ಬಿಟ್ಟು ಒಂದು, ಚೌಕಾಬಾರದ ಮನೆಗಳ ಹಾಗೆ. ಇಪ್ಪತ್ತೆರಡು ದಿನ ಹಿಡಿದಿತ್ತು. ಸಂದಿಯಲ್ಲಿ ಉಗುರು ಹೋಗದಂತೆ ಕೂಡಿಸಿದ್ದ. ಪಾಲಿಶ್ ಹೊಡೆದ ದಿನ ಜಯವ್ವ ಬಗ್ಗಿ ತನ್ನ ಮುಖ ನೋಡಿಕೊಂಡು ನಕ್ಕಿದ್ದಳು. ಆಮೇಲೆ ಎಷ್ಟು ದೊಡ್ಡ ಮನೆ ಮಾಡಿದರೂ ಅಂಥ ನೆಲ ಅವನ ಕೈಯಿಂದ ಬಂದಿರಲಿಲ್ಲ.

ಈಗ ಆ ನೆಲದ ಮೇಲೆ ಗಿರಿಯಪ್ಪ ನಡೆಯುವುದನ್ನು ಅವನು ನೋಡಿದ. ಬಿಳಿ ಕಲ್ಲಿನ ಮೇಲೆ ಕಾಲಿಟ್ಟು ನಿಂತರು. ಎದುರಿಗಿನ ಕರಿ ಕಲ್ಲನ್ನು ಬೆರಳ ತುದಿಯಿಂದ ತಡವಿದರು. ಗೋಡೆ ಹಿಡಿದುಕೊಂಡು, ಕಾಲು ಅಗಲ ಮಾಡಿ, ಅದನ್ನು ದಾಟಿದರು. ಮುಂದಿನದನ್ನೂ ಹಾಗೆಯೇ. ಬಾಗಿಲಿನಿಂದ ಬಿಸಿಲು ಬಿದ್ದು ಹೊಳೆಯುತ್ತಿದ್ದ ಕಡೆ ಬಂದಾಗ ಎರಡು ಕೈಯಿಂದ ಧೋತರ ಎತ್ತಿ ಹಿಡಿದರು.

"ಯಾಕ್ರಿ ಅಜ್ಜಾರ?" ಎಂದಳು ತಬಸ್ಸುಮ್.

"ನೀರು ನಿಂತೈತಲ್ಲವಾ. ಆಕಡೆ ತಗ್ಗು ಬ್ಯಾರೆ ತೋಡ್ಯಾರ."

ಬಚ್ಚಲ ಹೊಸ್ತಿಲ ಹತ್ತಿರ ಹೋಗಿ ಅವರು ನಿಂತುಬಿಟ್ಟರು. ಒಳಗೆ ಕನ್ನಡಿಯಲ್ಲಿ ಒಬ್ಬ ಮುದುಕ ಕಂಡ. "ಒಳಗ ಯಾರೋ ಅದಾರ. ಅವ್ರು ಬರ್ಲಿ," ಎಂದು ತಿರುಗಿ ಹಿತ್ತಲ ಕಡೆ ಹೊರಟರು. ಅವರು ಬಿದ್ದದ್ದು ಹಿತ್ತಲ ಮೆಟ್ಟಿಲ ಮೇಲೆ. ಮನೆಯಲ್ಲೇ ಸಂಡಾಸ ಇರುವಾಗ ಅಪ್ಪ ಹಿತ್ತಲಿಗೇಕೆ ಹೋದ ಎಂದು ಅಷ್ಟು ದಿನ ಯಾರಿಗೂ ತಿಳಿದಿರಲಿಲ್ಲ. ನಿರ್ಮಲಾ ಬಾಯಿಗೆ ಸೆರಗು ಹಿಡಿದುಕೊಂಡಳು.

ತಬಸ್ಸುಮ್ ಆ ಕನ್ನಡಿಯನ್ನು ಅಲ್ಲೇ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟಳು. ಆಮೇಲೆ ಹನೀಫನ ಜೊತೆ ಕಟ್ಟೆಯ ಮೇಲೆ ಕೂತು ಒಂದೊಂದೇ ಹೇಳಿ ಬರೆದುಕೊಟ್ಟಳು. ಬಚ್ಚಲ ಹೊಸ್ತಿಲು ತೆಗೆಯಬೇಕು. ಕಾಲು ಜಾರದ, ಹೊಳಪಿಲ್ಲದ ಟೈಲು. ಹಿಡಿದುಕೊಳ್ಳಲು ಗೋಡೆಗೆ ಗಟ್ಟಿ ಕಂಬಿ. ಬಾಗಿಲು ಹೊರಗೆ ತೆರೆಯುವಂತೆ, ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂತೆ. ಒಳಗೇ ಬಿದ್ದರೆ ಬಾಗಿಲಿಗೆ ಅವರೇ ಅಡ್ಡವಾಗಬಾರದಲ್ಲ. ಗೀಝರಿನ ಬಿಸಿ ಕಡಿಮೆ ಮಾಡಬೇಕು. ಮಂಚದಿಂದ ಬಚ್ಚಲವರೆಗೆ, ಕಾಲಿಟ್ಟ ಕೂಡಲೇ ತಾವೇ ಹತ್ತುವ ಸಣ್ಣ ದೀಪಗಳು ಬೇಕು. ಗ್ಯಾಸಿಗೆ ಹೊತ್ತಿಗೆ ಸರಿಯಾಗಿ ತಾನೇ ಬಂದಾಗುವ ಟೈಮರ್.

"ಮತ್ತ ಈ ನೆಲ, ಚಾಚಾ. ಇದು ಹೋಗಬೇಕು."

ಹನೀಫ ಚೀಟಿಯನ್ನು ಮಡಚಿ ಕಿಸೆಗಿಟ್ಟ.

"ಒಂದು ಜಮಖಾನಿ ಹಾಸಿದ್ರ ಆಗೂದಿಲ್ಲೇನು, ಬೇಟಿ?"

"ಅಂಚಿಗೆ ಕಾಲು ಸಿಕ್ಕು ಬೀಳ್ತಾರ."

"ಕರಿ ಕಲ್ಲಷ್ಟ ಕಿತ್ತು ಬಿಳೀವು ಕೂಡ್ಸಿದ್ರ?"

"ಬಿಸಿಲು ಬಿದ್ರ ಹೊಳಿತಾವಲ್ಲ. ನೀರು ಅಂದ್ರಲ್ಲ, ನೀವ ಕೇಳಿದ್ರಿ." ಅವಳ ದನಿ ಮೆತ್ತಗಾಯಿತು. "ಅವರ ಕಣ್ಣು ಛಲೋ ಅದಾವ, ಚಾಚಾ. ಕಂಡದ್ದು ಏನು ಅಂತ ತಲಿಗೆ ತಿಳಿಯೂದಿಲ್ಲ. ಕರ್ರಗಿದ್ದದ್ದು ತಗ್ಗು, ಹೊಳೆಯೂದು ನೀರು. ಎಲ್ಲಾ ಕಡೆ ಒಂದ ಬಣ್ಣದ ನೆಲ ಆದ್ರ ಅಂಜಿಕಿಲ್ಲದ ನಡಿತಾರ."

ಹನೀಫ ಕಟ್ಟೆಯಿಂದ ಎದ್ದ. "ಮೊದಲು ಬಚ್ಚಲು ಮುಗಿಸ್ತೇನಿ," ಅಂದ.

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಮಂಚ ಇದ್ದಲ್ಲೇ ಇರಲಿ. ಗೂಟ, ಗಡಿಯಾರ, ಕ್ಯಾಲೆಂಡರು, ಜಯವ್ವನ ಫೋಟೋ ಯಾವುದನ್ನೂ ಅಲುಗಿಸಬೇಡಿ. ಅವು ಅವರಿಗೆ ದಾರಿ ತೋರಿಸುತ್ತವೆ.

ಬಚ್ಚಲ ಕೆಲಸ ಎಂಟು ದಿನ ನಡೆಯಿತು. ಹಗಲು ಹೊತ್ತಿನಲ್ಲಿ ಗಿರಿಯಪ್ಪ ಮೈಲವ್ವನ ಕಟ್ಟೆಯ ಮೇಲೆ ಕೂತು, ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವುದಕ್ಕೆ ಕೈ ಹಾಕುತ್ತಿದ್ದರು. ಹನೀಫ ಒಬ್ಬ ಆಳನ್ನಷ್ಟೇ ಇಟ್ಟುಕೊಂಡು ದುಡಿದ. ಅಷ್ಟು ವರ್ಷ ಬಾರದೆ ಇದ್ದದ್ದನ್ನೆಲ್ಲ ಈ ಬಚ್ಚಲಲ್ಲಿ ತೀರಿಸಿಬಿಡಬೇಕು ಅನ್ನುವ ಹಾಗಿತ್ತು ಅವನ ಉಮೇದು. ಮೇಸ್ತ್ರಿಯ ಬಚ್ಚಲು ಊರಲ್ಲೇ ಚೆಂದ ಇರಬೇಕು. ಹಾಲಿನಂಥ ಬಿಳಿ ಟೈಲು ತಂದ, ಹೊಳಪಿಲ್ಲದ್ದು, ಕಾಲು ಜಾರದ್ದು. ನೆಲಕ್ಕೂ ಬಿಳಿ, ಗೋಡೆಗೂ ಬಿಳಿ. ಬಿಳಿ ಕಮೋಡು. ಹಿಡಿ ಮೇಲೆತ್ತಿದರೆ ನೀರು ಬರುವ ಹೊಸ ನಮೂನೆಯ ನಳ. ಕಂಬಿಗಳನ್ನು ಇಟ್ಟಿಗೆಯ ಒಳಗೆ ಆಳವಾಗಿ ಬೋಲ್ಟು ಹೊಡೆದು ಕೂಡಿಸಿ, ತಾನೇ ಜೋತುಬಿದ್ದು ನೋಡಿದ. ತಬಸ್ಸುಮಳ ಚೀಟಿಯಲ್ಲಿ "ಬಣ್ಣ ಬೇರೆ ಬೇರೆ ಇರಲಿ" ಅಂತ ಒಂದು ಸಾಲಿತ್ತು. ಅದು ಬರೀ ಚೆಂದಕ್ಕೆ ಹೇಳಿದ್ದು, ತನಗೆ ಬಿಟ್ಟದ್ದು ಅಂದುಕೊಂಡ.

ಒಂಬತ್ತನೆಯ ದಿನ ಗಿರಿಯಪ್ಪನವರನ್ನು ಕರೆತಂದ. ಅವರು ಒಳಗೆ ಕಾಲಿಟ್ಟು ಸುತ್ತ ನೋಡಿದರು. ಬಿಳಿಯ ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು, ಅವರಿಗೆ ತಿಳಿಯಲಿಲ್ಲ. ಕೈ ಮುಂದೆ ಚಾಚಿ ತಡವಿದರು. ಕಮೋಡಿಗೆ ಬೆನ್ನು ಮಾಡಿ, ಒಂದು ಗೇಣು ಎಡಕ್ಕೆ, ಬರಿಗಾಳಿಯಲ್ಲಿ ಕೂರಲು ಇಳಿದರು.

ಹನೀಫ ಹಾರಿ ಕಂಕುಳಕ್ಕೆ ಕೈ ಹಾಕಿದ. ಇಬ್ಬರೂ ಒಟ್ಟಿಗೆ ನೆಲಕ್ಕೆ ಕೂತರು. ಪೆಟ್ಟಾಗಲಿಲ್ಲ, ಮೇಸ್ತ್ರಿಯ ಭಾರ ಅವನ ಎದೆಯ ಮೇಲಿತ್ತು. ಅವರ ಗುಂಡಿಗೆ ಹಕ್ಕಿಯ ಹಾಗೆ ಬಡಿದುಕೊಳ್ಳುವುದು ಅವನಿಗೆ ತಿಳಿಯುತ್ತಿತ್ತು.

"ಇದು ನಮ್ಮನಿ ಅಲ್ಲ," ಅಂದರು ಗಿರಿಯಪ್ಪ. "ನನ್ನ ನಮ್ಮನಿಗೆ ಬಿಡ್ರೀಪಾ. ನಿಮ್ಮ ಕೈ ಮುಗಿತೇನಿ."

ಅವರು ಖರೇನೇ ಕೈ ಮುಗಿದರು. ಹನೀಫ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಸಂಜೆ ಫೋನಿನಲ್ಲಿ ತಬಸ್ಸುಮ್ ಬೈಯಲಿಲ್ಲ. "ತಪ್ಪು ನಂದೂ ಐತಿ, ಚಾಚಾ. ಒಂದು ಸಾಲು ಬರದು ಬಿಟ್ಟೆ, ಬಿಡಿಸಿ ಹೇಳಬೇಕಿತ್ತು," ಅಂದಳು. ಬಿಳಿಯ ಮೇಲೆ ಬಿಳಿ ಅವರಿಗೆ ಕಾಣುವುದಿಲ್ಲ. ಕೂರುವ ಜಾಗ ಕಣ್ಣಿಗೆ ಹೊಡೆಯಬೇಕು. ನಳ ಅವರ ಕೈಗೆ ಐವತ್ತು ವರ್ಷದಿಂದ ಗೊತ್ತಿರುವ ತಿರುಗಿಸುವ ನಳವೇ ಇರಬೇಕು.

ಹನೀಫ ಮತ್ತೆ ಉಳಿ ಹಿಡಿದ. ನೆಲದ ಟೈಲು ಕಿತ್ತು ಮಣ್ಣಿನ ಬಣ್ಣದ್ದು ಹಾಕಿದ. ಕಮೋಡಿನ ಹಿಂದಿನ ಗೋಡೆಗೆ ಹಸಿರು. ಕಮೋಡಿಗೆ ಗಾಢ ನೀಲಿ ಮುಚ್ಚಳ, ನೀಲಿ ಕೂರುಮಣೆ. ಕಂಬಿಗೆ ಕೆಂಪು ಬಣ್ಣ. ಹೊಸ ನಳ ಬಿಚ್ಚಿ ಹಳೆಯ ಹಿತ್ತಾಳೆ ನಳವನ್ನೇ ತಿಕ್ಕಿ ಹಾಕಿದ. ಕಂಬಿಯ ಎತ್ತರವನ್ನು ಈ ಸಲ ಪುಸ್ತಕದ ಅಳತೆಗೆ ಬಿಡದೆ, ಗಿರಿಯಪ್ಪನವರನ್ನು ಕೂರಿಸಿ ಎಬ್ಬಿಸಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಗುರುತು ಮಾಡಿದ. ಬಚ್ಚಲ ಬಾಗಿಲಿಗೆ ಮಂಚದಿಂದಲೇ ಕಾಣುವಂಥ ಅರಿಶಿನ ಬಣ್ಣ ಬಳಿದು, ಮೇಲೆ ದೊಡ್ಡ ಅಕ್ಷರದಲ್ಲಿ "ಸಂಡಾಸ" ಎಂದು ಬರೆದು ಚಿತ್ರವನ್ನೂ ಅಂಟಿಸಿದ. ಸಾಮಾನು ತುಂಬುವ ಕೋಣೆಯ ಬಾಗಿಲನ್ನು ಗೋಡೆಯ ಬಣ್ಣದಲ್ಲೇ ಮುಳುಗಿಸಿದ. ಅಲ್ಲಿಗೆ ಹೋಗುವ ಕೆಲಸ ಅವರಿಗಿರಲಿಲ್ಲ. ಹಿತ್ತಲ ಮೆಟ್ಟಿಲಿಗೆ ಬದಲು ಇಳಿಜಾರು, ಎರಡೂ ಕಡೆ ಕಂಬಿ. ಮುಂಬಾಗಿಲಿಗೆ ಬೀಗ ಬೇಡವೆಂದಿದ್ದಳು ತಬಸ್ಸುಮ್. ಬಾಗಿಲು ತೆರೆದರೆ ಮೈಲವ್ವನ ಅಡುಗೆಮನೆಯಲ್ಲಿ ಗಂಟೆ ಬಾರಿಸುವಂತೆ ವೈರಿಲ್ಲದ ಒಂದು ಯಂತ್ರ ಕೂಡಿಸಿದ.

ಎಲ್ಲ ಮುಗಿದ ಮರುದಿನ ಗಿರಿಯಪ್ಪ ಬಚ್ಚಲೊಳಗೆ ಹೋಗಿ, ನೀಲಿಯ ಮೇಲೆ ಕಣ್ಣು ನಿಲ್ಲಿಸಿ, ಕೆಂಪು ಕಂಬಿ ಹಿಡಿದು, ಯಾರ ಸಹಾಯವೂ ಇಲ್ಲದೆ ಕೂತರು. ಹೊರಗೆ ಬಂದು, "ನಳ ಸ್ವಲ್ಪ ಬಿಗಿ ಐತಿ, ವಾಷರ್ ನೋಡ್ರಿ," ಅಂದರು.

ಇನ್ನು ಉಳಿದದ್ದು ಪಡಸಾಲೆ.

ಆ ಕೆಲಸಕ್ಕೆ ಹನೀಫ ಆಳನ್ನು ಕರೆಯಲಿಲ್ಲ. ಮಶಿನ್ನನ್ನೂ ತರಲಿಲ್ಲ. ಪಡಸಾಲೆಯಿಂದ ಮಂಚ ಹೊರಗೆ ಹೋಗಬಾರದು ಅಂತ, ನೆಲವನ್ನು ಅರ್ಧರ್ಧ ಮಾಡುವುದೆಂದು ಠರಾಯಿಸಿದ್ದ. ಬಾಗಿಲ ಬದಿಯ ಮೊದಲ ಕಲ್ಲಿನ ಸಂದಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ. ಉಳಿ ಜಾರಿತು. ಮೂವತ್ತೊಂದು ವರ್ಷದ ಹಿಂದಿನ ತನ್ನ ಕೈಯೇ ತನಗೆ ಎದುರು ನಿಂತ ಹಾಗಾಯಿತು. ಅಷ್ಟು ಬಿಗಿಯಾಗಿ ಕೂಡಿಸಿದ್ದ. ಒಂದು ಮೂಲೆ ಒಡೆದ ಮೇಲೆ ಮಿಕ್ಕದ್ದು ಸಲೀಸಾಗಿ ಎದ್ದಿತು. ಹತ್ತು ಕಲ್ಲು ಎತ್ತುವಷ್ಟರಲ್ಲಿ ಹಿಂದೆ ನೆರಳು ಬಿದ್ದದ್ದು ಕಂಡು ತಿರುಗಿದ. ಗಿರಿಯಪ್ಪ ಬಾಗಿಲಲ್ಲಿ ನಿಂತಿದ್ದರು. ಮೈಲವ್ವ ಹಿಂದಿನಿಂದ, "ಸಪ್ಪಳ ಕೇಳಿ ನಿಂದರ್ಲೇ ಇಲ್ಲ ನೋಡ್ರಿ," ಅಂದಳು.

"ಏನ್ ಮಾಡಾಕತ್ತೀರಿ?" ಎಂದರು ಗಿರಿಯಪ್ಪ. ಎಷ್ಟೋ ದಿನಗಳಿಂದ ಹನೀಫ ಕೇಳದೆ ಇದ್ದ, ಕೆಲಸದ ಮೇಲಿನ ಮೇಸ್ತ್ರಿಯ ದನಿ ಅದು. "ಯಾರು ಹೇಳಿದ್ರು ಒಡಿಯಾಕ?"

ಹನೀಫ ಎದ್ದು ನಿಂತ.

"ಒಡೀಬ್ಯಾಡ್ರಿ. ಇದು ನಮ್ಮ ಹುಡುಗ ಹಾಕಿದ್ದು. ಹನೀಫ ಅಂತ. ಇದರ ಲೆವಲ್ ನೋಡೀರೇನು? ನೀರು ಚೆಲ್ಲಿದ್ರ ಚೆಲ್ಲಿದಲ್ಲೇ ನಿಂದರ್ತೈತಿ, ಅತ್ತಾಗ ಇಲ್ಲ, ಇತ್ತಾಗ ಇಲ್ಲ. ಅಂವ ಬಂದು ನೋಡಿದ್ರ ಬ್ಯಾಸರ ಮಾಡ್ಕೋತಾನ."

ಮೈಲವ್ವ ಏನೋ ಹೇಳಲು ಬಾಯಿ ತೆರೆದಳು. ಹನೀಫ ಬೇಡವೆಂದು ತಲೆ ಅಲ್ಲಾಡಿಸಿದ. ನಾನೇ ಹನೀಫ ಅಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲ ವಾರದಲ್ಲಿ ಒಮ್ಮೆ ಹೇಳಿ ನೋಡಿದ್ದ. ಅವರು ಅವನ ನೆರೆತ ಗಡ್ಡ ನೋಡಿ, ತಮಾಷೆ ಮಾಡುತ್ತಿದ್ದಾನೆಂದು ಮುಖ ತಿರುಗಿಸಿದ್ದರು. ಅವರು ಕಾಯುತ್ತಿದ್ದ ಹನೀಫನಿಗೆ ಇಪ್ಪತ್ತಾರು ವರ್ಷ.

ಕುರ್ಚಿ ತಂದು ಕೂರಿಸಿದ. "ಅಂವ ಎಲ್ಲಿ ಅದಾನ್ರಿ ಈಗ?"

"ರಾಣೆಬೆನ್ನೂರಿಗೆ ಹೋಗ್ಯಾನ, ಕೆಲಸಕ್ಕ. ಬರ್ತಾನ." ಗಿರಿಯಪ್ಪ ಓಣಿಯ ಕಡೆ ನೋಡಿದರು. "ಅವನ ಕೈ ನನ್ನ ಕೈಗಿಂತ ಛಲೋ. ಒಂದಿನಾನೂ ಅವಂಗ ಹೇಳಿಲ್ಲ ನಾ. ಹೇಳಿದ್ರ ಬಿಟ್ಟು ಹೋಗಿಬಿಡ್ತಾನ ಅಂತ ಅಂಜಿಕಿ. ಹೇಳಲಿಲ್ಲ, ಆದ್ರೂ ಹೋದ."

ಹನೀಫ ಉಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಆ ಮಾತಿಗಾಗಿ ಅವನು ಇಪ್ಪತ್ತೈದು ವರ್ಷ ಕಾದಿದ್ದ. ಒಂದು ಸಲ ಚೆನ್ನಾಗಿದೆ ಅಂದಿದ್ದರೆ ಸಾಕಿತ್ತು, ಹೋಗುತ್ತಿರಲಿಲ್ಲವೋ ಏನೋ. ಈಗ ಆ ಮಾತು ಬಂದಿತ್ತು, ಅವನ ಎದುರಿಗೇ ಬಂದಿತ್ತು, ಆದರೆ ಅವನಿಗಲ್ಲ, ಯಾವನೋ ಪರವೂರಿನ ಮೇಸ್ತ್ರಿಗೆ ಹೇಳಿದ್ದಾಗಿತ್ತು.

"ನಾ ಅವನ್ನ ಕೇಳೇನ್ರಿ," ಅಂದ. "ಮೇಸ್ತ್ರಿಯಾರ ಕಾಲಿಗೆ ತ್ರಾಸ ಆಗತೈತಿ, ತಗೀತೇನಿ ಅಂದೆ. ಲಗೂ ತಗೀರಿ, ನೆಲ ಇನ್ನೊಂದು ಹಾಕಿದ್ರಾತು ಅಂದ."

ಗಿರಿಯಪ್ಪ ಕಿತ್ತಿಟ್ಟ ಕಲ್ಲುಗಳನ್ನೂ ಅವನನ್ನೂ ನೋಡಿದರು.

"ಹಂಗಂದ್ನ?"

"ಹಂಗ ಅಂದಾನ್ರಿ."

"ಹಂಗಾರ ಒಡೀರಿ," ಎಂದರು. ಆಮೇಲೆ ಬಗ್ಗಿ ನೋಡಿ, "ಉಳಿ ಹಂಗ ನೆಟ್ಟಗ ಹಿಡಿಬ್ಯಾಡ್ರಿ. ವಾರಿ ಮಾಡ್ರಿ. ಕಲ್ಲು ಸಿಡಿದು ಕಣ್ಣಿಗೆ ಬಡಿತೈತಿ," ಅಂದರು. ಹನೀಫ ಉಳಿಯನ್ನು ವಾರೆ ಮಾಡಿದ. ಮೊದಲ ಸಲ ಉಳಿ ಹಿಡಿದ ದಿನ ಇದೇ ಮಾತು ಹೇಳಿಸಿಕೊಂಡಿದ್ದ. ಆ ದಿನ ತಲೆಗೊಂದು ಮೊಟಕೂ ಬಿದ್ದಿತ್ತು. ಈಗಲೂ ಒಂದು ಬಿದ್ದರೆ ಎಷ್ಟು ಚೆನ್ನ ಅನ್ನಿಸಿತು.

ಹತ್ತು ದಿನಗಳಲ್ಲಿ ಪಡಸಾಲೆ ಮುಗಿಯಿತು. ತಿಳಿ ಮಣ್ಣಿನ ಬಣ್ಣ, ಗೆರೆಯಿಲ್ಲ, ಹೂವಿಲ್ಲ, ಹೊಳಪಿಲ್ಲ. ಪಡಸಾಲೆಯಿಂದ ಬಚ್ಚಲವರೆಗೆ ಒಂದೇ ಮಟ್ಟ, ಎಲ್ಲಿಯೂ ಎಡವುವ ಅಂಚಿಲ್ಲ. ಯಾರೂ ನಿಂತು ನೋಡುವಂಥ ನೆಲವಲ್ಲ ಅದು. ತಬಸ್ಸುಮ್ ಬಂದು ಮಂಚದ ಕಾಲಿಗೆ ಎರಡು ಇಂಚಿನ ಮರದ ಗಟ್ಟೆ ಹಾಕಿಸಿದಳು, ಎದ್ದು ಕೂತಾಗ ಪಾದ ನೆಲಕ್ಕೆ ಪೂರಾ ಊರಿ, ಏಳಲು ಮಂಡಿಗೆ ಭಾರ ಬೀಳದಂತೆ. ಕಿಟಕಿ ಮುಚ್ಚಿ ಕತ್ತಲು ಮಾಡಿ, ದೀಪಗಳು ಹತ್ತುತ್ತವೆಯೋ ಇಲ್ಲವೋ ಎಂದು ತಾನೇ ನಡೆದು ನೋಡಿದಳು. ಆಮೇಲೆ, "ಅಜ್ಜಾರ, ನಿಮ್ಮ ಮನಿ ತೋರ್ಸ್ರಿ," ಅಂದಳು.

ಗಿರಿಯಪ್ಪ ಎದ್ದರು. ಗೋಡೆಗೆ ಕೈ ಹಚ್ಚಲಿಲ್ಲ. ಧೋತರ ಎತ್ತಲಿಲ್ಲ. ಮೊದಲಿನ ಹಾಗೆ, ಕೆಲಸದ ಮೇಲೆ ಹೊರಟವರ ಹಾಗೆ, ಕೈ ಹಿಂದೆ ಕಟ್ಟಿಕೊಂಡು ಪಡಸಾಲೆ ದಾಟಿದರು. ನಿರ್ಮಲಾ ಅಡುಗೆಮನೆಯ ಬಾಗಿಲಿಗೆ ಒರಗಿ ಅಳುತ್ತ ನಿಂತಿದ್ದಳು, ಆದರೆ ಅವಳ ಮುಖದಲ್ಲಿ ಸಮಾಧಾನವಿತ್ತು.

"ಎಷ್ಟು ದಿನ ಹಿಂಗ ಇರಬಹುದು?" ಎಂದು ಕೇಳಿದಳು.

ತಬಸ್ಸುಮ್ ಸುಳ್ಳು ಹೇಳಲಿಲ್ಲ. "ಒಂದು ವರ್ಷ, ಎರಡು ವರ್ಷ. ಕಾಯಿಲಿ ನಿಂದ್ರೂದಿಲ್ಲಕ್ಕಾ. ಮೂರು ತಿಂಗಳಿಗೊಮ್ಮೆ ಬಂದು ನೋಡ್ತೇನಿ. ಒಬ್ಬರ ಇರೂದು ಆಗೂದಿಲ್ಲ ಅನ್ನೋ ದಿನ ನಾ ಹೇಳ್ತೇನಿ. ಅಲ್ಲಿತನ ಅವ್ರು ಅವ್ರ ಮನ್ಯಾಗ ಇರ್ಲಿ."

ಮಳೆಗಾಲ ಕಳೆದು ಸುಗ್ಗಿ ಬಂತು. ಗಿರಿಯಪ್ಪ ಬೀಳಲಿಲ್ಲ. ಒಮ್ಮೆ ಗ್ಯಾಸ್ ಹಚ್ಚಿ ಮರೆತಾಗ ಅದು ತಾನೇ ಬಂದಾಗಿತ್ತು. ಒಮ್ಮೆ ಬೆಳಗಿನ ಜಾವ ಹೊರಗೆ ಹೊರಟಾಗ ಗಂಟೆ ಕೇಳಿ ಮೈಲವ್ವ ಎದ್ದು ಬಂದಿದ್ದಳು. ಸಂಜೆ ಚೀಲ ಕಟ್ಟುವುದು ನಿಂತಿತ್ತು. ಮರೆವು ಮಾತ್ರ ತನ್ನ ಪಾಡಿಗೆ ಮುಂದೆ ನಡೆದಿತ್ತು. ಫೋಟೋದಲ್ಲಿದ್ದ ಜಯವ್ವನನ್ನು ಈಗೀಗ ಅವ್ವ ಅನ್ನುತ್ತಿದ್ದರು.

ಹನೀಫ ಶುಕ್ರವಾರ ಕೆಲಸ ಇಟ್ಟುಕೊಳ್ಳುವುದನ್ನು ಬಿಟ್ಟ. ನಮಾಜು ಮುಗಿಸಿ ಬೈಕು ಹತ್ತಿ ಬ್ಯಾಡಗಿಗೆ ಬರುತ್ತಿದ್ದ. ಕಂಬಿಗಳ ಬೋಲ್ಟು ಜಗ್ಗಿ ನೋಡುತ್ತಿದ್ದ, ಮಂಕಾದ ದೀಪ ಬದಲಿಸುತ್ತಿದ್ದ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತ ಕೂರುತ್ತಿದ್ದರು. ಗಿರಿಯಪ್ಪ ಅವನಿಗೆ ಹನೀಫನ ಕತೆ ಹೇಳುತ್ತಿದ್ದರು. ಪಾಯ ತೋಡುವಾಗ ಹಾವು ಕಂಡು ಓಡಿದ್ದು, ಗುತ್ತಲದ ಕೆಲಸದಲ್ಲಿ ಜ್ವರ ಬಂದಾಗ ತಾವು ಹೊತ್ತುಕೊಂಡು ಬಸ್ಸಿಗೆ ಹತ್ತಿಸಿದ್ದು, ರಮಜಾನ್ ಉಪವಾಸದಲ್ಲಿ ಅವನು ಬಿಸಿಲಲ್ಲಿ ನಿಲ್ಲಬಾರದೆಂದು ತಾವೇ ಮೇಲಿನ ಕೆಲಸ ಹಿಡಿದದ್ದು. ಹನೀಫನಿಗೇ ಮರೆತುಹೋಗಿದ್ದ ಎಷ್ಟೋ ಸಂಗತಿಗಳನ್ನು ಅವರು ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ಅವನು "ಆಮ್ಯಾಲ?" ಎಂದು ಕೇಳುತ್ತ ಕೂರುತ್ತಿದ್ದ.

ಹಾಗೊಂದು ಶುಕ್ರವಾರ ಹೊತ್ತು ಇಳಿಯುವಾಗ ಗಿರಿಯಪ್ಪ ಮಾತು ನಿಲ್ಲಿಸಿ ಅವನ ಮುಖ ನೋಡಿದರು.

"ನೀವು ವಾರಾ ಬರ್ತೀರಿ. ನಿಮಗ ಏನಾರ ಬೇಕಾಗಿತ್ತೇನ್ರಿ?"

ಹನೀಫ ಚಹಾದ ಕಪ್ಪು ಕೆಳಗಿಟ್ಟ. ಬೇಕಾದದ್ದನ್ನು ಹೇಗೆ ಹೇಳುವುದು? ಒಂದು ಸಲ ಏಕವಚನದಲ್ಲಿ ಕರೆಯಿರಿ ಎಂದು ಬಾಯಿಬಿಟ್ಟು ಕೇಳಲಾದೀತೇ?

"ಏನಿಲ್ರಿ, ಮೇಸ್ತ್ರಿಯಾರ. ನಿಮ್ಮ ಮಾತು ಕೇಳಾಕ ಬರ್ತೇನಿ."

"ಬರ್ರಿ, ಬರ್ರಿ. ಮನಿ ಐತಿ, ನಾ ಅದೇನಿ," ಎಂದರು ಗಿರಿಯಪ್ಪ. ಎದ್ದು, ಅವನ ಜೊತೆ ಬಾಗಿಲವರೆಗೆ ಬಂದರು. ಪಕ್ಕದ ಮನೆಯಲ್ಲಿ ಗಂಟೆ ಬಾರಿಸಿತು, ಮೈಲವ್ವ ಹೊರಗೆ ಇಣುಕಿ ನೋಡಿ ಒಳಗೆ ಹೋದಳು. ಗಿರಿಯಪ್ಪ ಬಾಗಿಲ ಚೌಕಟ್ಟಿನ ಮೇಲೆ ಒಂದು ಕೈಯಿಟ್ಟು ಓಣಿಯನ್ನು ನೋಡುತ್ತ ನಿಂತರು. ಹನೀಫ ಬೈಕು ಚಾಲೂ ಮಾಡಿದ, ಆದರೆ ಹೊರಡಲಿಲ್ಲ. ಅವರು ಒಳಗೆ ಹೋಗುವವರೆಗೆ ಹಾಗೆಯೇ ಕೂತಿದ್ದ.